ನಮ್ಮ ಬೀದಿ ಕಥೇಲಿ ‘ನಾವು’ ಅಂದ್ರೆ ಎಷ್ಟು ಜನ?

ನಮ್ಮದು ಮೈಸೂರಲ್ಲಿ ಒಂದು ಸಣ್ಣ ಅಡ್ಡರಸ್ತೆ, ಹನ್ನೊಂದು ಮನೆ. ಬೀದಿ ತುದೀಲಿ ಒಂದು ನಲ್ಲಿ ಇತ್ತು, ಮನೆಮನೆಗೂ ಕನೆಕ್ಷನ್ ಬಂದ್ಮೇಲೆ ಅದನ್ನ ಕಿತ್ತುಹಾಕಿದ್ರು. ಆ ನಲ್ಲಿ ಬಗ್ಗೆ ಒಂದು ಕಥೆ ಬರೀಬೇಕು, ಅದನ್ನ ‘ನಾನು’ ಅಂತ ಅಲ್ಲ, ಇಡೀ ಬೀದಿನೇ ಹೇಳ್ದಂಗೆ ‘ನಾವು’ ಅಂತ ಬರೀಬೇಕು ಅಂತ ಆಸೆ ಆಯ್ತು. ಮೊದಲ ಕರಡು ಮುಗಿಸಿ ನಾಲ್ಕನೇ ಮನೆ ಆಂಟಿಗೆ ಓದಿ ಹೇಳ್ದೆ. ಅವರು ಮಂಗಳೂರು ಕಡೆಯವರು, ಮನೇಲಿ ತುಳು. ಎರಡು ಪುಟ ಕೇಳಿ ಒಂದೇ ಪ್ರಶ್ನೆ ಕೇಳಿದ್ರು: “ನೀವು ನಾವು ನಾವು ಅಂತೀರಲ್ಲ, ಅದು ‘ನಮ’ವಾ ‘ಎಂಕುಲಾ’?”

ತುಳುವಿನಲ್ಲಿ ಎರಡಿದೆ. ಕೇಳ್ತಾ ಇರೋರನ್ನೂ ಸೇರಿಸ್ಕೊಂಡ್ರೆ ‘ನಮ’, ಅವರನ್ನ ಬಿಟ್ಟು ಮಾತಾಡಿದ್ರೆ ‘ಎಂಕುಲು’. ತಮಿಳಲ್ಲೂ ನಾಮ್, ನಾಂಗಳ್ ಅಂತ ಬೇರೆ ಬೇರೆ, ತೆಲುಗಲ್ಲಿ ಮನಂ, ಮೇಮು. ನಾವೀಗ ಆಡೋ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಜೊತೆಗೆ ನಮ್ಮಲ್ಲಿ ಒಬ್ಬಳೇ ಮಗಳೂ ‘ನಮ್ಮಮ್ಮ’ ಅಂತಾಳೆ, ಹೆಂಡತಿ ಗಂಡನ್ನ ‘ನಮ್ಮನೆಯವ್ರು’ ಅಂತಾಳೆ. ಅಂದ್ರೆ ನಮ್ಮ ಭಾಷೇಲಿ ‘ನಾವು’ ಅನ್ನೋದು ಬಾಯಿಗೆ ಸಲೀಸಾಗಿ ಬಂದ್ಬಿಡತ್ತೆ, ಯಾರು ಒಳಗೆ ಯಾರು ಹೊರಗೆ ಅಂತ ಹೇಳ್ದೇನೇ. ನನ್ನ ಕರಡು ಕೆಟ್ಟಿದ್ದೂ ಅಲ್ಲೇ.

ಆಂಟಿ ಪ್ರಶ್ನೆ ಆದ್ಮೇಲೆ ಮಾಡಿದ್ದು ಇಷ್ಟು. ಕಥೆನ ಪ್ರಿಂಟ್ ಹಾಕ್ಸಿ, ‘ನಾವು’, ‘ನಮಗೆ’, ‘ನಮ್ಮ’ ಬಂದ ಕಡೆ ಎಲ್ಲ ಪೆನ್ಸಿಲಲ್ಲಿ ಸುತ್ತಿ, ಪಕ್ಕದಲ್ಲಿ ಒಂದು ನಂಬರ್ ಬರ್ದೆ, ಈ ‘ನಾವು’ ನಿಜಕ್ಕೂ ಎಷ್ಟು ಮನೆ ಅಂತ. ಕನ್ನಡದಲ್ಲಿ ‘ನಾವು’ ಬಿಟ್ರೂ ‘ಹೋದ್ವಿ’, ‘ನಿಂತ್ವಿ’ ಅಂತ ಕ್ರಿಯಾಪದದ ಬಾಲದಲ್ಲಿ ಅದು ಕೂತಿರತ್ತೆ, ಹಂಗಾಗಿ ಅವನ್ನೂ ಸುತ್ಬೇಕು, ಬರೀ ‘ನಾವು’ ಹುಡುಕಿದ್ರೆ ಅರ್ಧ ತಪ್ಪಿಹೋಗತ್ತೆ. ಕರಡಿನ ಮೊದಲ ಸಾಲು ಹಿಂಗಿತ್ತು:

“ಬೆಳಗಿನ ಜಾವ ನಾಲ್ಕೂವರೆಗೆ ನಾವೆಲ್ಲ ಎದ್ದು ನಲ್ಲಿ ಹತ್ರ ಸಾಲಾಗಿ ನಿಂತ್ಕೊಳ್ತಿದ್ವಿ. ನಮಗೆಲ್ಲ ನೀರಿಂದೇ ಚಿಂತೆ.”

ನಂಬರ್ ಹಾಕೋಕೆ ಹೋದ್ರೆ ಹನ್ನೊಂದು ಬರ್ಲೇ ಇಲ್ಲ. ಎರಡು ಮನೇಲಿ ಸಂಪ್ ಇತ್ತು, ಅವರು ಬರ್ತಾನೇ ಇರ್ಲಿಲ್ಲ. ರೂಮ್ ಮಾಡ್ಕೊಂಡಿದ್ದ ಹುಡುಗ್ರು ರಾತ್ರಿನೇ ಕ್ಯಾನ್ ಇಟ್ಟು ಮಲಗೋರು. ಒಂದು ಮನೆಯವ್ರು ಬರೋದು ಬಿಟ್ಟೇಬಿಟ್ಟಿದ್ರು, ಅವರ ವಿಷಯ ಆಮೇಲೆ ಹೇಳ್ತೀನಿ. ಉಳಿದಿದ್ದು ಏಳು ಮನೆ, ಅದರಲ್ಲಿ ಆರು ಜನ ಹೆಂಗಸ್ರು, ಒಬ್ಬ ತಾತ. ‘ನಾವೆಲ್ಲ’ ಅಂತ ಬರ್ದಿದ್ದು ಸುಳ್ಳೇ ಆಯ್ತಲ್ಲ. ಆದ್ರೆ ‘ನಮ್ಮಲ್ಲಿ ಕೆಲವರು’ ಅಂತ ಬರ್ದ್ರೆ ಇನ್ನೂ ಸಪ್ಪೆ, ಯಾರ ಮುಖಾನೂ ಕಾಣಲ್ಲ. ಕೊನೆಗೆ ನಿಂತಿದ್ದು ಇದು:

“ನಲ್ಲಿ ಬುಸ್ಸ್ ಅಂತ ಗಾಳಿ ಬಿಟ್ರೆ ಸಾಕು, ಎದ್ಬಿಡ್ತಿದ್ವಿ. ಸಂಪ್ ಇರೋ ಮನೆಯವ್ರೂ ಏಳ್ತಿದ್ರು, ನೀರಿಗಲ್ಲ, ನಾವಾಡೋ ಮಾತು ಕೇಳೋಕೆ ಅಂತ ಮೂಲೆಮನೆ ಅಜ್ಜಿ. ನಿಮ್ಮ ಗಲಾಟೆಗೆ ಎಚ್ಚರ ಆಗತ್ತೆ ಕಣಮ್ಮ ಅಂತ ಅವರು. ಸಾಲಲ್ಲಿ ಇಟ್ಟಿರ್ತಿದ್ವಿ: ತಳ ಜಜ್ಜಿಹೋಗಿದ್ದ ಸ್ಟೀಲ್ ಬಿಂದಿಗೆ, ಕುತ್ತಿಗೆಗೆ ಕೆಂಪು ದಾರ ಕಟ್ಟಿದ ಪ್ಲಾಸ್ಟಿಕ್ ಕೊಡ, ಹುಡುಗ್ರ ಕ್ಯಾನು, ಆಮೇಲೆ ಒಂದು ಕಲ್ಲು. ಕಲ್ಲು ಯಾರದ್ದು ಅಂತ ನಾವಿನ್ನೂ ಒಪ್ಕೊಂಡಿಲ್ಲ.”

ಇಲ್ಲಿ ‘ನಾವು’ ಒಂದೇ ಸೈಜಲ್ಲಿ ಇಲ್ಲ. ಮೊದಲ ಸಾಲಲ್ಲಿ ಏಳು ಮನೆ, ಸಂಪ್‌ನವರು ಇನ್ನೂ ‘ಅವರು’. ಬೀದಿ ಪೈಪ್ ಒಡೆದು ಸಂಪ್‌ಗೂ ನೀರಿಲ್ಲದ ವಾರ ಬಂದಾಗ ಅವರೂ ಬಿಂದಿಗೆ ತಂದು ಇಡ್ತಾರೆ, ಅಲ್ಲಿಂದ ಅವರೂ ‘ನಾವು’ ಆಗ್ತಾರೆ, ವಾರ ಕಳೆದ್ಮೇಲೆ ವಾಪಸ್ ‘ಅವರು’. ಇದನ್ನ ನಾನು ಎಲ್ಲೂ ವಿವರಿಸಿಲ್ಲ, ಸರ್ವನಾಮ ಬದಲಾಯ್ಸಿದ್ದೀನಿ ಅಷ್ಟೆ.

ಇನ್ನೊಂದು, ಆ ನಲ್ಲಿಗೆ ನಮ್ಮ ಬೀದೀಲಿ ಒಂದೇ ಹೆಸರಿರ್ಲಿಲ್ಲ. ನಾವು ನಲ್ಲಿ ಅಂತೀವಿ, ತಾತ ಕೊಳಾಯಿ ಅಂತಾರೆ, ಹುಬ್ಬಳ್ಳಿ ಕಡೆಯಿಂದ ಬಂದ ಅಕ್ಕ ನಳ ಅಂತಾರೆ, ತುಳು ಆಂಟಿ ನಳ್ಳಿ. ಕರಡಲ್ಲಿ ಎಲ್ಲ ಕಡೆ ‘ನಲ್ಲಿ’ ಅಂತ ಸರಿಮಾಡಿದ್ದೆ, ತಿರುಗಿ ಹಾಳು ಮಾಡ್ದೆ. ಈಗ ಒಂದು ಪ್ಯಾರಾದ ಮಧ್ಯೆ “ನಳಾ ಬಂದ್ರ ನಮಗ ನಿದ್ದಿ ಎಲ್ಲಿದು” ಅಂತ ಬಂದ್ರೆ, ಮಾತಾಡ್ತಿರೋದು ‘ನಾವು’ನೇ, ಆದ್ರೆ ಆ ಕ್ಷಣ ಅಕ್ಕನ ಬಾಯಲ್ಲಿ. ಆದ್ರೆ ಇದನ್ನ ಮಿತಿ ಮೀರಿ ಮಾಡಬಾರದು. ಒಂದು ಸಲ ಪ್ರತಿ ಸಾಲಿಗೂ ಒಂದೊಂದು ಭಾಷೆ ಹಾಕ್ದೆ, ಮಿಮಿಕ್ರಿ ಥರ ಆಯ್ತು, ಅಕ್ಕಂಗೆ ಬೇಜಾರೂ ಆಯ್ತು. ಒಬ್ಬೊಬ್ಬರಿಗೆ ಒಂದೆರಡು ಪದ, ಅವರೇ ಆಡಿದ್ದು, ಸಾಕು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಬರೋದು ಬಿಟ್ಟ ಆ ಮನೆ. ಗಂಡ ತೀರ್ಕೊಂಡ ಮೇಲೆ ಆಯಮ್ಮ ನಲ್ಲಿ ಹತ್ರ ಬರ್ತಿರ್ಲಿಲ್ಲ, ಮಗನ್ನ ಕಳಿಸೋರು. ನಾನು ಬರ್ದಿದ್ದೆ, “ಪಾಪ, ದುಃಖದಲ್ಲಿ ಅವರಿಗೆ ಯಾರ ಮುಖಾನೂ ನೋಡೋಕೆ ಮನಸ್ಸಿರ್ಲಿಲ್ಲ.” ನಂಬರ್ ಹಾಕೋಕೆ ಹೋದಾಗ ಸಿಕ್ಕಾಕೊಂಡೆ, ಇದು ಯಾರಿಗೆ ಗೊತ್ತಿರೋದು? ಬಾಗಿಲು ಹಾಕಿದ ಮೇಲೆ ಒಳಗೆ ನಡೆಯೋದು ಬೀದಿಗೆ ಗೊತ್ತಿರಲ್ಲ, ಬೀದಿ ಊಹೆ ಮಾಡತ್ತೆ. ಅದಕ್ಕೆ ನಮ್ಮ ಭಾಷೇಲೇ ಒಂದು ಚಂದದ ದಾರಿ ಇದೆ, ‘ಅಂತೆ’. ‘ಜಗಳ ಆಯ್ತು’ ಬೇರೆ, ‘ಜಗಳ ಆಯ್ತಂತೆ’ ಬೇರೆ. ಬೀದಿ ಕಣ್ಣಾರೆ ಕಾಣದ್ದಕ್ಕೆಲ್ಲ ‘ಅಂತೆ’ ಹಾಕ್ತಾ ಹೋದೆ, ಅರ್ಧ ಕಥೆ ತಾನೇ ಸರಿಹೋಯ್ತು. ಆದ್ರೆ ಆಯಮ್ಮನ ವಿಷಯದಲ್ಲಿ ‘ಮನಸ್ಸಿರ್ಲಿಲ್ವಂತೆ’ ಅಂತ ಬರೆಯೋಕೂ ಕೈ ಬರ್ಲಿಲ್ಲ, ಯಾಕಂದ್ರೆ ಹಂಗಂತ ಯಾರೂ ಹೇಳಿರ್ಲೇ ಇಲ್ಲ. ಹೋಗಿ ಅವರನ್ನೇ ಕೇಳ್ದೆ, ಆ ಸಾಲನ್ನೂ ಓದಿ ತೋರಿಸ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು ಅಂದ್ರು: “ದುಃಖಕ್ಕಲ್ಲಪ್ಪ. ನಾನು ಬಂದ್ರೆ ನೀವೆಲ್ಲ ಮಾತು ನಿಲ್ಲಿಸ್ಬಿಡ್ತಿದ್ರಿ. ಬರೀ ನೀರಿನ ಸದ್ದು. ಅದಕ್ಕೇ ಬರ್ಲಿಲ್ಲ.”

ಬೇಕಾದ್ರೆ ಬರ್ಕೋ ಅಂತನೂ ಅಂದ್ರು. ಬರ್ದೆ, ಆದ್ರೆ ‘ನಾವು’ ಮೂಲಕ ಅಲ್ಲ. ಕಥೇಲಿ ಮೊದಲ ಸಲ ‘ನಾನು’ ಬರೋದು ಅಲ್ಲೇ, ಅವರ ಮಾತಲ್ಲಿ, ಅವರು ಹೇಳ್ದಂಗೆ. ಅದರ ಕೆಳಗೆ ಬೀದಿ ಹೇಳೋದು ಒಂದೇ ಸಾಲು: “ಸುಮ್ನಾಗೋದು ಗೌರವ ಅಂದ್ಕೊಂಡಿದ್ವಿ.” ಆ ಸಾಲಿನ ಪಕ್ಕ ಏಳು ಅಂತ ಹಾಕ್ದೆ. ಅದನ್ನ ಬೇರೆ ಮನೆಯವ್ರಿಗೆ ಓದಿದಾಗ ಮೂಲೆಮನೆ ಅಜ್ಜಿ “ನಾನಂತೂ ಮಾತಾಡಿಸ್ತಿದ್ದೆ” ಅಂದ್ರು. ನಿಜಾನೋ ಏನೋ, ಅದನ್ನೂ ಸೇರಿಸ್ದೆ, “ನಾನು ಮಾತಾಡಿಸ್ತಿದ್ದೆ ಅಂತಾರೆ ಅಜ್ಜಿ” ಅಂತ. ಏಳು ಅಳಿಸಿ ಆರು ಮಾಡ್ದೆ.

ಕೊನೇಲಿ ಉಳ್ಕೊಂಡಿದ್ದು ಬೀದಿ ಗುಡಿಸೋಕೆ ಬರೋ ಪೌರಕಾರ್ಮಿಕರು. ಬೆಳಿಗ್ಗೆ ಆರಕ್ಕೆ ಬಂದು ಅದೇ ನಲ್ಲೀಲಿ ಕೈಕಾಲು ತೊಳ್ಕೊಂಡು ನೀರು ಕುಡಿಯೋರು, ನಾವು ಸರಿಯಾಗಿ ತಿರುಗಿಸದೆ ಹೋಗಿದ್ದ ನಲ್ಲೀನ ದಿನಾ ನಿಲ್ಲಿಸ್ತಿದ್ದೋರೂ ಅವರೇ. ನಲ್ಲಿ ಕಿತ್ತ ದಿನ “ನಮ್ಮ ನಲ್ಲಿ ಹೋಯ್ತು” ಅಂತ ಬರೆಯೋವಾಗ ಪಕ್ಕದಲ್ಲಿ ಹನ್ನೊಂದು ಹಾಕೋದಾ ಹನ್ನೆರಡಾ ಅಂತ ಎರಡು ದಿನ ಒದ್ದಾಡ್ದೆ. ಅವರನ್ನ ಸುಮ್ನೆ ‘ನಾವು’ ಒಳಗೆ ಸೇರಿಸ್ಕೊಂಡ್ರೆ ನಮಗೆ ಸಮಾಧಾನ ಆಗತ್ತೆ, ಆದ್ರೆ ಸಾಲಲ್ಲಿ ಅವರ ಬಿಂದಿಗೆ ಯಾವತ್ತೂ ಇರ್ಲಿಲ್ಲ, ನಾವು ಅವರಿಗೆ ಜಾಗ ಕೊಟ್ಟಿರ್ಲಿಲ್ಲ. ಅವರನ್ನೂ ಕೇಳ್ದೆ, ಅಕ್ಕ ಈ ಕಥೇಲಿ ನಿಮ್ಮನ್ನೂ ಸೇರಿಸಿ ನಾವು ಅನ್ನಲಾ ಅಂತ.

“ನಂದು ಬೇರೆ ಬೀದಿ ಕಣಪ್ಪ,” ಅಂದ್ರು, “ಅಲ್ಲೂ ನಲ್ಲಿ ಐತೆ, ಅಲ್ಲಿ ನಾವು ಅಂತೀನಿ.” ಹನ್ನೊಂದು ಅಂತ ಬರ್ದೆ. ನಲ್ಲಿ ನಿಲ್ಲಿಸೋ ಕೆಲಸ ಮಾತ್ರ ಅವರದ್ದೇ ಅಂತ ಇಟ್ಟೆ: “ನಾವು ಬಿಟ್ಟು ಹೋಗ್ತಿದ್ವಿ. ಅವರು ನಿಲ್ಲಿಸ್ತಿದ್ರು.”