‘ಎಚ್’ ಗುರುತಿನ ಪಕ್ಕದಲ್ಲಿ ಒಂದು ಗೆರೆ: ನನ್ನ ಅನುಭವ

ರಕ್ತಪರೀಕ್ಷೆಯ ವರದಿಯಲ್ಲಿ ಅಂಕಿ ಮಿತಿಗಿಂತ ಹೆಚ್ಚು, ಕಡಿಮೆ ಎಂದು ತೋರಿಸುವ ‘ಎಚ್’, ‘ಎಲ್’ ಗುರುತುಗಳನ್ನು ನಾವೇ ವಿವರಿಸಿದರೆ ಜನರು ವೈದ್ಯರ ಬಳಿಗೆ ಹೋಗುವುದನ್ನೇ ಬಿಡುತ್ತಾರೆ ಎಂದು ಗೌರಿಬಿದನೂರಿನ ಲ್ಯಾಬ್ ಮಿತ್ರರು ನನ್ನನ್ನು ತಡೆಯುತ್ತಿದ್ದರು. ಈಗ ಅವರಲ್ಲಿ ಇಬ್ಬರು ನನ್ನ ಕ್ರಮವನ್ನೇ ಅನುಸರಿಸುತ್ತಿದ್ದಾರೆ.

ಮೊದಲು ಬಣ್ಣದ ಪ್ರಿಂಟರ್ ತಂದು, ಮಿತಿ ದಾಟಿದ ಅಂಕಿಗಳನ್ನು ಕೆಂಪಿನಲ್ಲಿ ಮುದ್ರಿಸಿದೆ. ವರದಿಯೊಂದಕ್ಕೆ ಎರಡು ಮೂರು ರೂಪಾಯಿ ಹೆಚ್ಚು ಖರ್ಚಾಯಿತು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಶೇಕಡಾ 40ರ ಮಿತಿ ದಾಟಿ 41 ಇದ್ದವರೂ ಕೆಂಪನ್ನು ಕಂಡು ಹೆದರಿದರು. ಆಮೇಲೆ ಒಂದು ಪುಟದ ಕನ್ನಡ ವಿವರಣೆಯನ್ನು ಸುಮಾರು ಸಾವಿರ ಪ್ರತಿ ಮಾಡಿಸಿದೆ. ಅವುಗಳಲ್ಲಿ ಹೆಚ್ಚಿನವು ಬೆಂಚಿನ ಮೇಲೆಯೇ ಉಳಿದವು.

ಕೊನೆಗೆ ಫಲಿಸಿದ್ದು ಪೆನ್ನಿನಲ್ಲಿ ಎಳೆಯುವ ಒಂದು ಗೆರೆ. ಅದರ ಎರಡು ತುದಿಗಳಲ್ಲಿ ಮಿತಿಗಳನ್ನು ಬರೆದು, ರೋಗಿಯ ಅಂಕಿ ಬೀಳುವ ಜಾಗದಲ್ಲಿ ಚುಕ್ಕೆ ಇಡುತ್ತೇನೆ. ಆರೋಗ್ಯವಂತರಾದ ನೂರು ಮಂದಿಯಲ್ಲಿ ನಡುವಿನ 95 ಮಂದಿಯ ಅಂಕಿಗಳು ಈ ಗೆರೆಯೊಳಗೆ ಇರುತ್ತವೆ, ಹೊರಗುಳಿದ ಐವರೂ ಆರೋಗ್ಯವಂತರೇ ಎಂದಷ್ಟೇ ಹೇಳುತ್ತೇನೆ. ಗೆರೆಯ ಹೊರಗೆ ಎಷ್ಟು ಜಾಗ ಬಿಡಬೇಕೆಂಬ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ಈ ಕ್ರಮದ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ಎರಡು ವರ್ಷದ ಮಗುವೊಂದರ ವರದಿಯಿಂದ. ಬೇರೊಂದು ಕಡೆ ಮಾಡಿಸಿದ್ದ ಆ ವರದಿಯಲ್ಲಿ ಲಿಂಫೋಸೈಟ್ 58 ಶೇಕಡಾ ‘ಎಚ್’, ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್ 34 ಶೇಕಡಾ ‘ಎಲ್’ ಎಂದಿತ್ತು. ತಾಯಿ ಅದನ್ನು ರಕ್ತದ ಕ್ಯಾನ್ಸರ್ ಎಂದೇ ತಿಳಿದು ಅಳುತ್ತಿದ್ದರು. ಪಕ್ಕದಲ್ಲಿ ಮುದ್ರಿಸಿದ್ದ 20–40 ಎಂಬುದು ದೊಡ್ಡವರ ಮಿತಿ. ಆ ವಯಸ್ಸಿನ ಮಕ್ಕಳಲ್ಲಿ ಲಿಂಫೋಸೈಟ್‌ಗಳೇ ಹೆಚ್ಚಿರುವುದು ಸಹಜ, ನಾಲ್ಕೈದು ವರ್ಷದ ಹೊತ್ತಿಗೆ ಎರಡೂ ಸಮಕ್ಕೆ ಬರುತ್ತವೆ. ಬಿಳಿ ರಕ್ತಕಣಗಳ ಟೋಟಲ್ ಕೌಂಟ್ 9,000 ಇದ್ದುದರಿಂದ ಲಿಂಫೋಸೈಟ್‌ಗಳ ನಿಜಸಂಖ್ಯೆ 5,220, ನ್ಯೂಟ್ರೋಫಿಲ್‌ಗಳದ್ದು 3,060 ಆಗುತ್ತಿತ್ತು. ಮಗುವಿನ ವಯಸ್ಸಿನ ಮಿತಿಯಲ್ಲಿ ಗೆರೆ ಎಳೆದಾಗ ಎರಡು ಚುಕ್ಕೆಗಳೂ ಒಳಗೇ ಬಿದ್ದವು. “ಹಾಗಾದ್ರೆ ಈ ಎಚ್ ನನ್ನ ಮಗೂದಲ್ವಾ ಸರ್?” ಎಂದು ತಾಯಿ ಕೇಳಿದರು. ನಾನು ಹೇಳಬೇಕೆಂದಿದ್ದುದು ಅದೇ. ನಂತರ ನಮ್ಮ ಸಾಫ್ಟ್‌ವೇರ್‌ನಲ್ಲಿಯೂ ವಯಸ್ಸುವಾರು ಮಿತಿಗಳನ್ನು ಹಾಕಿಸಿದೆ. ನಾಲ್ಕು ಸಾವಿರದ ಆಸುಪಾಸಿನಲ್ಲಿ ಖರ್ಚಾಯಿತು.

ಇದರ ನಡುವೆ ರಕ್ತ ಸವರಿದ ಒಂದೇ ಸ್ಲೈಡನ್ನು ಬೇರೆ ಬೇರೆ ಹೊತ್ತಿನಲ್ಲಿ ನೂರು ನೂರು ಕೋಶದಂತೆ ಎಣಿಸಿ ನೋಡಿದೆ. ಲಿಂಫೋಸೈಟ್‌ಗಳು ಒಮ್ಮೆ 36, ಇನ್ನೊಮ್ಮೆ 43ರ ಸುತ್ತ ಬಂದವು. ಇನ್ನೂರು ಎಣಿಸಿದಾಗ ವ್ಯತ್ಯಾಸ ಕಡಿಮೆಯಾಯಿತು. ಅಂದಿನಿಂದ ಮಿತಿಗೆ ತಾಗಿಕೊಂಡ ಚುಕ್ಕೆಯನ್ನು ಸಣ್ಣದಾಗಿ ಇಡದೆ, ಎಣಿಕೆಯ ಆ ವ್ಯತ್ಯಾಸದಷ್ಟು ಅಗಲದ ಪಟ್ಟಿಯಾಗಿ ಬರೆಯುತ್ತೇನೆ.

ಸ್ಲೈಡಿನಲ್ಲಿ ಬಲಿಯದ ರಕ್ತಕಣಗಳಾದ ಬ್ಲಾಸ್ಟ್ ಕೋಶಗಳು ಕಂಡರೆ ಅಥವಾ ನ್ಯೂಟ್ರೋಫಿಲ್‌ಗಳ ನಿಜಸಂಖ್ಯೆ ಸಾವಿರಕ್ಕಿಂತ ಕೆಳಗಿಳಿದರೆ ಗೆರೆ ಎಳೆಯುವುದಿಲ್ಲ. ವರದಿ ಕೈಗೆ ಕೊಡುವ ಮೊದಲೇ ಪರೀಕ್ಷೆ ಬರೆದ ವೈದ್ಯರಿಗೆ ಫೋನ್ ಮಾಡುತ್ತೇನೆ.