ಆರು ಸೀಟಿನ ವಿಮೆ, ಒಂಬತ್ತು ಮಕ್ಕಳು

ತುಮಕೂರಿನಲ್ಲಿ ಹಲವು ವರ್ಷಗಳಿಂದ ಪ್ರಯಾಣಿಕರ ಆಟೊ ಓಡಿಸುತ್ತಿದ್ದ ನಾನು, 2022ರ ಜೂನ್‌ನಲ್ಲಿ ಶಾಲಾ ಮಕ್ಕಳನ್ನು ಕರೆದೊಯ್ಯಲೆಂದು ಚಾಲಕನ ಸೀಟೂ ಸೇರಿ ಏಳು ಸೀಟಿನ ಹಳೆಯ ವ್ಯಾನ್ ಒಂದನ್ನು ಕೊಂಡೆ. ಮಾರಿದವರು ಅದರಲ್ಲಿ ಎರಡು ವರ್ಷ ಶಾಲಾ ಮಕ್ಕಳನ್ನೇ ಸಾಗಿಸಿದ್ದರೂ ವ್ಯಾನಿಗೆ ಇದ್ದದ್ದು ವೈಟ್ ಬೋರ್ಡ್, ವಿಮೆಯೂ ಖಾಸಗಿ ಕಾರಿನದು. ಹಾಗೇಕೆ ಇಟ್ಟುಕೊಂಡಿದ್ದರೆಂಬುದು ದರಪಟ್ಟಿ ನೋಡಿದ ಕೂಡಲೇ ತಿಳಿಯಿತು. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರದ ಪ್ರಕಾರ, 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ ಕಟ್ಟಿದರೆ ಸಾಕು. ಅದೇ ಎಂಜಿನ್ನಿನ ಗಾಡಿ ಬಾಡಿಗೆಗೆ ಆರು ಜನರನ್ನು ಕೂರಿಸಿಕೊಳ್ಳುವುದಾದರೆ ಮೂಲ ದರವೇ 7,940 ರೂಪಾಯಿ. ಅದರ ಮೇಲೆ ಪ್ರತಿ ಪ್ರಯಾಣಿಕರಿಗೆ 978 ರೂಪಾಯಿಯಂತೆ ಆರು ಜನರಿಗೆ 5,868. ಒಟ್ಟು 13,808, ಜಿಎಸ್‌ಟಿ ಬೇರೆ.

ಈ ವ್ಯತ್ಯಾಸವನ್ನು ಉಳಿತಾಯವೆಂದು ಎಣಿಸುವವರು ಪಾಲಿಸಿಯ ಕಾಗದದಲ್ಲಿ ವಾಹನದ ಬಳಕೆಯ ಮಿತಿಯನ್ನು ಹೇಳುವ ಆ ಒಂದು ಸಾಲನ್ನು ಓದಿರುವುದಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಎಂದೂ, ಪ್ರಯಾಣಿಕ ವಾಹನದ ಪಾಲಿಸಿಯಲ್ಲಿ ಮೋಟಾರು ವಾಹನ ಕಾಯ್ದೆಯಡಿ ಪಡೆದ ಪರ್ಮಿಟ್ಟಿಗೆ ಒಳಪಟ್ಟು ಮಾತ್ರ ಬಳಸಬೇಕು ಎಂದೂ ಇರುತ್ತದೆ. ತಿಂಗಳಿಗೆ ಇಷ್ಟು ಎಂದು ಪೋಷಕರಿಂದ ಹಣ ಪಡೆದ ಕ್ಷಣದಿಂದ ಅದು ಬಾಡಿಗೆಯೇ. ಆದ್ದರಿಂದ ನಾನು ಮೊದಲು ಆರ್‌ಟಿಒದಲ್ಲಿ ವ್ಯಾನನ್ನು ಸಾರಿಗೆ ವಾಹನದ ವರ್ಗಕ್ಕೆ ಬದಲಾಯಿಸಿ, ತೆರಿಗೆ ಕಟ್ಟಿ, ಎಫ್‌ಸಿ ಮತ್ತು ಪರ್ಮಿಟ್ ಪಡೆದು, ಹಳೆಯ ಪಾಲಿಸಿಯನ್ನು ಬಿಟ್ಟು ಹೊಸ ವರ್ಗದ ವಿಮೆ ಮಾಡಿಸಿದೆ. ಶಾಲಾ ಬಸ್ಸುಗಳಿಗೆ ಇರುವ ಕಡಿಮೆ ದರ ನನಗೂ ಸಿಗಬಹುದೇ ಎಂದು ವಿಚಾರಿಸಿದೆ. ಅದು ಶಿಕ್ಷಣ ಸಂಸ್ಥೆಯ ಸ್ವಂತ ಬಸ್ಸಿಗೆ ಮಾತ್ರ. ಶಾಲೆಯ ಮಕ್ಕಳನ್ನೇ ಕರೆದೊಯ್ದರೂ ಆರ್‌ಸಿ ನನ್ನ ಹೆಸರಿನಲ್ಲಿದ್ದರೆ ಅದು ಅನ್ವಯಿಸದು.

ಏಜೆಂಟರು ಮೊದಲು ಕಳುಹಿಸಿದ ದರಪತ್ರದಲ್ಲಿ ಪ್ರಯಾಣಿಕರ ಸಂಖ್ಯೆ ನಾಲ್ಕು ಎಂದಿತ್ತು. ನನಗೆ ಹೆಚ್ಚುಕಡಿಮೆ 2,000 ರೂಪಾಯಿ ಉಳಿಸಿಕೊಡುವ ಸದುದ್ದೇಶ ಅವರದು. ಆದರೆ ಸೀಟನ್ನು ಕಡಿಮೆ ತೋರಿಸಿದ್ದು ಕ್ಲೇಮಿನ ವೇಳೆ ಬೆಳಕಿಗೆ ಬಂದರೆ, ವಿಮಾ ಕಂಪನಿಗಳು ಅನುಸರಿಸುತ್ತ ಬಂದಿರುವ ಮಾರ್ಗಸೂಚಿಯಂತೆ ಮೂರು ವರ್ಷದ ಪ್ರೀಮಿಯಂ ವ್ಯತ್ಯಾಸ ಅಥವಾ ಕ್ಲೇಮಿನ ಶೇ 25, ಇವೆರಡರಲ್ಲಿ ಹೆಚ್ಚಿನದನ್ನು ಕಡಿತ ಮಾಡುತ್ತಾರೆ. ಆರ್‌ಸಿ, ಪರ್ಮಿಟ್, ಪಾಲಿಸಿ ಈ ಮೂರನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು, ಸೀಟಿನ ಸಂಖ್ಯೆ, ಚಾಸಿಸ್ ನಂಬರ್, ಮಾಲೀಕರ ಹೆಸರು ಮೂರರಲ್ಲಿಯೂ ಒಂದೇ ಇವೆಯೇ ಎಂದು ಬೆರಳಿಟ್ಟು ನೋಡುವುದನ್ನು ನಾನು ಅಂದಿನಿಂದ ರೂಢಿಸಿಕೊಂಡೆ. ಆಟೊದ ಪಾಲಿಸಿಯನ್ನೂ ಹಾಗೆಯೇ ಪರಿಶೀಲಿಸಿದೆ: ಮೂಲ ದರ 2,539, ಮೂವರು ಪ್ರಯಾಣಿಕರಿಗೆ ತಲಾ 1,214, ಒಟ್ಟು 6,181 ರೂಪಾಯಿ. ಅದು ಸರಿಯಾಗಿತ್ತು.

ಕಾಗದವೆಲ್ಲ ಸರಿಯಿದ್ದೂ ನಾನು ಎಡವಿದ್ದು ಬೇರೆ ಕಡೆ. 2023ರ ಮಳೆಗಾಲದ ಹೊತ್ತಿಗೆ ಆರು ಮಕ್ಕಳ ವ್ಯಾನಿನಲ್ಲಿ ಒಂಬತ್ತು ಮಕ್ಕಳಿದ್ದರು. ಒಬ್ಬನ ತಂಗಿ, ಇನ್ನೊಬ್ಬಳ ಪಕ್ಕದ ಮನೆಯ ಹುಡುಗಿ ಎಂದು ಒಬ್ಬೊಬ್ಬರಾಗಿ ಸೇರಿಕೊಂಡವರು. ಬೇಡವೆನ್ನಲು ನನಗೂ ಮನಸ್ಸಾಗಿರಲಿಲ್ಲ, ಹಣ ಬರುತ್ತಿದ್ದುದೂ ಸುಳ್ಳಲ್ಲ. ಒಂದು ಸಂಜೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ವ್ಯಾನ್ ಜಾರಿ ಮೋರಿಯ ಕಟ್ಟೆಗೆ ಬಡಿಯಿತು. ಮಕ್ಕಳಿಗೆ ತರಚು ಗಾಯಗಳಷ್ಟೇ ಆದವು. ರಿಪೇರಿಯ ಕ್ಲೇಮು ಹಾಕಿದಾಗ ಹಾನಿ ಅಂದಾಜಿಸಲು ಬಂದ ವಿಮಾ ಸರ್ವೇಯರ್ ಕೇಳಿದ ಮೊದಲ ಪ್ರಶ್ನೆ ಒಳಗೆ ಎಷ್ಟು ಜನರಿದ್ದರು ಎಂಬುದು. ಇದ್ದದ್ದನ್ನು ಹೇಳಿದೆ. ಸವಕಳಿ ಮತ್ತಿತರ ಕಡಿತಗಳ ನಂತರ 40,000 ರೂಪಾಯಿ ಸಲ್ಲಬೇಕಿದ್ದ ಕಡೆ, ಮಿತಿಮೀರಿ ಜನರನ್ನು ಹತ್ತಿಸಿದ ಕಾರಣಕ್ಕೆ ಶೇ 75 ಎಂದು 30,000 ಮಂಜೂರಾಯಿತು.

ಪರಿಚಯದ ವಕೀಲರೊಬ್ಬರು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಬಿ.ವಿ. ನಾಗರಾಜು ಪ್ರಕರಣವನ್ನು ನೆನಪಿಸಿದರು. ನಮ್ಮ ಹಾಸನದ ಕಡೆಯ ಆ ಪ್ರಕರಣದಲ್ಲಿ ಸರಕು ವಾಹನದಲ್ಲಿ ಆರರ ಬದಲು ಒಂಬತ್ತು ಜನರಿದ್ದರೂ, ಹೆಚ್ಚುವರಿ ಜನರು ಅಪಘಾತಕ್ಕೆ ಕಾರಣರಾಗಿರಲಿಲ್ಲವಾದ್ದರಿಂದ ಮಾಲೀಕರಿಗೆ ವಿಮೆಯ ಪರಿಹಾರ ದೊರಕಿತ್ತು. ಆದರೆ ನನ್ನ ವ್ಯಾನ್ ಜಾರಿದ್ದು ಬ್ರೇಕ್ ಹಾಕಿದಾಗ. ಮೂವರು ಮಕ್ಕಳ ಮತ್ತು ಅವರ ಚೀಲಗಳ ಭಾರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಪ್ರಮಾಣ ಮಾಡಿ ಹೇಳಲು ನನಗೆ ಬಾಯಿ ಬರಲಿಲ್ಲ, 30,000 ತೆಗೆದುಕೊಂಡೆ.

ಗಾಡಿಯ ರಿಪೇರಿಗಿಂತ ನನ್ನನ್ನು ಹೆಚ್ಚು ಕಾಡಿದ್ದು, ಮಕ್ಕಳಿಗೆ ದೊಡ್ಡ ಪೆಟ್ಟಾಗಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ. ಹೆಚ್ಚು ಜನರಿದ್ದರೆ ವಿಮೆಯೇ ರದ್ದಾಗುತ್ತದೆ ಎಂದು ನಮ್ಮ ಸ್ಟ್ಯಾಂಡಿನಲ್ಲಿ ಕೆಲವರು ಹೇಳುತ್ತಾರೆ, ಏನೂ ಆಗುವುದಿಲ್ಲ ಎಂದು ಇನ್ನು ಕೆಲವರು. ಎರಡೂ ತಪ್ಪು. 42 ಪ್ರಯಾಣಿಕರಿಗೆ ವಿಮೆಯಿದ್ದ ಹಿಮಾಚಲ ಪ್ರದೇಶದ ಬಸ್ಸಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಜನರಿದ್ದ ಅಂಜನಾ ಶ್ಯಾಮ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ಹಾಕಿಕೊಟ್ಟಿತು: ಎಲ್ಲ ಪರಿಹಾರಗಳಲ್ಲಿ ಅತಿ ದೊಡ್ಡ 42ನ್ನು ಕೂಡಿಸಿ ಬರುವ ಮೊತ್ತವನ್ನು ವಿಮಾ ಕಂಪನಿ ಠೇವಣಿ ಇಡಬೇಕು, ಅದನ್ನು ಎಲ್ಲರಿಗೂ ಪ್ರಮಾಣಾನುಸಾರ ಹಂಚಬೇಕು, ಉಳಿದದ್ದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಇದನ್ನು ನನ್ನ ವ್ಯಾನಿಗೆ ಹೊಂದಿಸಿ ನೋಡಿದೆ. ಒಂಬತ್ತು ಮಕ್ಕಳಿಗೆ ತಲಾ ಮೂರು ಲಕ್ಷದ ಪರಿಹಾರ ನಿಗದಿಯಾಯಿತೆಂದುಕೊಂಡರೆ ಒಟ್ಟು 27 ಲಕ್ಷ. ಕಂಪನಿ ಇಡುವುದು ಆರು ಸೀಟಿನ 18 ಲಕ್ಷ. ಅದು ಒಂಬತ್ತು ಜನರಿಗೆ ಹಂಚಿಹೋಗಿ ಪ್ರತಿ ಮಗುವಿಗೆ ಬರುವುದು ಎರಡೇ ಲಕ್ಷ. ಉಳಿದ ಒಂಬತ್ತು ಲಕ್ಷಕ್ಕೆ ನಾನು ಹೊಣೆ. ಮೊದಲಿನಿಂದ ನ್ಯಾಯವಾಗಿ ಸೀಟು ಹೊಂದಿದ್ದ ಆರು ಮಕ್ಕಳ ಮನೆಯವರೂ ತಮ್ಮ ಪಾಲಿನ ಒಂದು ಲಕ್ಷಕ್ಕಾಗಿ ನನ್ನ ಬಾಗಿಲಿಗೆ ಬರಬೇಕಾಗುತ್ತದೆ. ಹೆಚ್ಚುವರಿ ಪ್ರಯಾಣಿಕರಿಗೆ ತಲಾ 200 ರೂಪಾಯಿ ಎಂದಿರುವ ದಂಡವನ್ನಷ್ಟೇ ಲೆಕ್ಕ ಹಾಕುವವರು ಈ ಭಾಗವನ್ನು ನೋಡಿರುವುದಿಲ್ಲ.

ಪರ್ಮಿಟ್ಟಿನದು ಇದಕ್ಕಿಂತ ಕಠಿಣ. ಪರ್ಮಿಟ್ ಇಲ್ಲದೆ ಓಡಿಸುವುದು ಮೂಲಭೂತ ಉಲ್ಲಂಘನೆಯೆಂದು 2018ರ ಅಮೃತ್ ಪಾಲ್ ಸಿಂಗ್ ತೀರ್ಪು ಹೇಳಿದೆ. ಅಲ್ಲಿ ಕಂಪನಿ ಸಂತ್ರಸ್ತರಿಗೆ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳುವ ಹಕ್ಕು ಪಡೆಯಿತು. ಹೀಗೆಂದು ಗೊತ್ತಿದ್ದೂ ಆಟೊದ ಪರ್ಮಿಟ್ ಮುಗಿದು ಹನ್ನೊಂದು ದಿನ ನಾನು ಅದನ್ನು ಓಡಿಸಿದ್ದೆ. ವಿಮೆ ಪ್ರತಿ ವರ್ಷ ಬರುವುದರಿಂದ ನೆನಪಿರುತ್ತದೆ, ಎಫ್‌ಸಿಯೂ ಒಂದೆರಡು ವರ್ಷಕ್ಕೊಮ್ಮೆ ಬರುತ್ತದೆ; ಐದು ವರ್ಷಕ್ಕೊಮ್ಮೆ ಬರುವ ಪರ್ಮಿಟ್ಟೇ ಮರೆತುಹೋಗುವುದು. ಮುಗಿಯುವ ದಿನಕ್ಕೆ 15 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕಾದ್ದರಿಂದ, ಈಗ ಎರಡೂ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಮೂರು ದಿನಾಂಕಗಳ ಚೀಟಿ ಅಂಟಿಸಿದ್ದೇನೆ, ಪರ್ಮಿಟ್ಟಿನದನ್ನು ಒಂದು ತಿಂಗಳು ಹಿಂದಕ್ಕೆ ಬರೆದು.

ವ್ಯಾನಿನಲ್ಲಿ ಮತ್ತೆ ಆರೇ ಮಕ್ಕಳು. ಉಳಿದ ಮೂವರನ್ನು ಎರಡನೇ ಟ್ರಿಪ್ಪಿನಲ್ಲಿ ಕರೆದೊಯ್ಯಲು ತಿಂಗಳಿಗೆ 300 ರೂಪಾಯಿ ಹೆಚ್ಚು ಕೇಳಿದೆ. ಇಬ್ಬರ ಮನೆಯವರು ಒಪ್ಪಿದರು, ಒಬ್ಬರು ಎಂಟು ಮಕ್ಕಳನ್ನು ತುಂಬಿಸುವ ಬೇರೆ ಆಟೊಗೆ ಸೇರಿಸಿದರು.