ಪಾಲುದಾರಿಕೆ ಫರ್ಮ್: ಡೀಡ್‌ನಲ್ಲಿ ಏನು ಬರೆಯಬೇಕು, ನೋಂದಣಿ ಹೇಗೆ?

ಪಾಲುದಾರಿಕೆ ಫರ್ಮ್ ನೋಂದಾಯಿಸಲೇಬೇಕು ಅಂತ ಕಾನೂನು ಹೇಳುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೆ ಅದೇ ಕಾಯ್ದೆಯ 69ನೇ ಸೆಕ್ಷನ್ ಓದಿದರೆ ಯಾರೂ ಅದನ್ನು ಮುಂದೂಡುವುದಿಲ್ಲ. ನೋಂದಣಿ ಇಲ್ಲದ ಫರ್ಮ್‌ಗೆ ಗಿರಾಕಿ 3 ಲಕ್ಷ ಬಾಕಿ ಉಳಿಸಿಕೊಂಡರೆ, ಆ ಒಪ್ಪಂದದ ಹಣಕ್ಕಾಗಿ ಕೋರ್ಟಿನಲ್ಲಿ ದಾವೆ ಹೂಡಲು ಆಗುವುದಿಲ್ಲ. ಆ ಗಿರಾಕಿ ಮಾತ್ರ ಫರ್ಮ್ ಮೇಲೆ ಧಾರಾಳವಾಗಿ ಕೇಸು ಹಾಕಬಹುದು! ಪಾಲುದಾರರ ನಡುವಿನ ಜಗಳಕ್ಕೂ ಇದೇ ತೊಡಕು. ಫರ್ಮ್ ಮುಚ್ಚಿ ಲೆಕ್ಕ ಚುಕ್ತಾ ಮಾಡಿಕೊಡಿ ಎಂದು ಕೇಳಬಹುದೇ ಹೊರತು, ಫರ್ಮ್ ನಡೆಯುತ್ತಿರುವಾಗ ಡೀಡ್‌ನಲ್ಲಿ, ಅಂದರೆ ಪಾಲುದಾರರ ಲಿಖಿತ ಒಪ್ಪಂದದಲ್ಲಿ, ಇರುವ ಹಕ್ಕನ್ನು ಜಾರಿ ಮಾಡಿಸಿ ಎಂದು ಕೇಳಲಾಗದು.

ಕೇಸು ಹಾಕಿದ ಮೇಲೆ ಓಡಿ ಹೋಗಿ ನೋಂದಣಿ ಮಾಡಿಸಿದರೆ ಆ ಕೇಸು ಉಳಿಯುವುದಿಲ್ಲ. ದಾವೆ ಹೂಡುವ ದಿನವೇ ಫರ್ಮ್ ನೋಂದಣಿಯಾಗಿರಬೇಕು, ಪಾಲುದಾರರ ಹೆಸರೂ ರಿಜಿಸ್ಟರಿನಲ್ಲಿ ಇರಬೇಕು.

ಮೊದಲ ಕೆಲಸ ಡೀಡ್. ಎಲ್ಲೋ ಸಿಕ್ಕ ಮಾದರಿಯಲ್ಲಿ ಹೆಸರು ಬದಲಿಸಿ ಸಹಿ ಹಾಕುವವರೇ ಜಾಸ್ತಿ. ಡೀಡ್ ಸುಮ್ಮನಿದ್ದ ಕಡೆ ಕಾಯ್ದೆ ಮಾತಾಡುತ್ತದೆ, ಅದು ನಿಮಗೆ ಹಿಡಿಸದೇ ಇರಬಹುದು. ಇಬ್ಬರು ಗೆಳೆಯರು ಸೇರಿದ್ದಾರೆ ಎನ್ನಿ. ಒಬ್ಬರ ಬಂಡವಾಳ 6 ಲಕ್ಷ. ಇನ್ನೊಬ್ಬರದು 2 ಲಕ್ಷ, ಆದರೆ ದಿನವಿಡೀ ದುಡಿಯುವವರು ಅವರೇ. ವರ್ಷದ ಲಾಭ 4 ಲಕ್ಷ. ಹಂಚಿಕೆಯ ಬಗ್ಗೆ ಡೀಡ್‌ನಲ್ಲಿ ಏನೂ ಬರೆಯದಿದ್ದರೆ ಇಬ್ಬರಿಗೂ ತಲಾ 2 ಲಕ್ಷ. ಹೆಚ್ಚು ಹಣ ಹಾಕಿದವರಿಗೆ ಬಂಡವಾಳದ ಮೇಲೆ ಬಡ್ಡಿ ಇಲ್ಲ, ದುಡಿದವರಿಗೆ ಸಂಬಳ ಇಲ್ಲ.

ಅದರ ಬದಲು ಬಂಡವಾಳಕ್ಕೆ ವರ್ಷಕ್ಕೆ ಶೇ 12 ಬಡ್ಡಿ, ದುಡಿಯುವವರಿಗೆ ತಿಂಗಳಿಗೆ 15,000 ಸಂಬಳ, ಉಳಿದದ್ದು ಸಮಪಾಲು ಎಂದು ಬರೆದಿದ್ದರೆ? ಬಡ್ಡಿ 72,000 ಮತ್ತು 24,000. ಸಂಬಳ 1,80,000. ಉಳಿಯುವುದು 1,24,000, ಅಂದರೆ ತಲಾ 62,000. ಹಣ ಹಾಕಿದವರಿಗೆ ಒಟ್ಟು 1,34,000, ದುಡಿದವರಿಗೆ 2,66,000. ಇದೇ ಸರಿ ಅಂತಲ್ಲ, ಆದರೆ ಇಬ್ಬರೂ ಕೂತು ಮೊದಲೇ ಒಪ್ಪಿಕೊಂಡ ಲೆಕ್ಕ ಇದು. ಇನ್ನೊಂದು ಲಾಭವೂ ಇದೆ. ಡೀಡ್‌ನಲ್ಲಿ ಬರೆದಿದ್ದರೆ ಮಾತ್ರ ಈ ಬಡ್ಡಿ, ಸಂಬಳವನ್ನು ಆದಾಯ ತೆರಿಗೆಯಲ್ಲಿ ಫರ್ಮ್‌ನ ಖರ್ಚಾಗಿ ತೋರಿಸಬಹುದು. ಬಡ್ಡಿಗೆ ಶೇ 12ರ ಮಿತಿ ಇದೆ, ಸಂಬಳಕ್ಕೂ ಮಿತಿ ಇದೆ.

ಬ್ಯಾಂಕ್ ಖಾತೆಗೆ ಯಾರು ಸಹಿ ಹಾಕುತ್ತಾರೆ, ಸಾಲ ತರಲು ಎಲ್ಲರ ಒಪ್ಪಿಗೆ ಬೇಕೇ, ಹೊಸಬರನ್ನು ಹೇಗೆ ಸೇರಿಸಿಕೊಳ್ಳುವುದು, ಹೊರಹೋಗುವವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಎಷ್ಟು ದಿನದಲ್ಲಿ ಕೊಡಬೇಕು, ಇವೂ ಡೀಡ್‌ನಲ್ಲಿರಲಿ. ಅವಧಿ ಬರೆಯದೇ ಬಿಟ್ಟರೆ, ಯಾವ ಪಾಲುದಾರರಾದರೂ ಒಂದು ಲಿಖಿತ ನೋಟಿಸ್ ಕೊಟ್ಟು ಫರ್ಮ್ ವಿಸರ್ಜಿಸಬಹುದು. ಒಬ್ಬರು ತೀರಿಕೊಂಡರೂ ಫರ್ಮ್ ಮುಂದುವರಿಯುತ್ತದೆ ಎಂದು ಬರೆಯುವ ರೂಢಿ ಇದೆ. ಮೂವರಿದ್ದರೆ ಅದು ನಡೆಯುತ್ತದೆ. ಇಬ್ಬರೇ ಇದ್ದಲ್ಲಿ ಉಳಿಯುವುದು ಒಬ್ಬರು, ಒಬ್ಬರೇ ಇರುವ ಪಾಲುದಾರಿಕೆ ಇಲ್ಲ. ವಾರಸುದಾರರ ಜೊತೆ ಹೊಸ ಒಪ್ಪಂದವೇ ಆಗಬೇಕು.

ಡೀಡನ್ನು ಸ್ಟ್ಯಾಂಪ್ ಪೇಪರ್ ಮೇಲೆ ಬರೆಸಿ. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎಲ್ಲ ಪಾಲುದಾರರೂ ಸಾಕ್ಷಿಗಳ ಎದುರು ಸಹಿ ಹಾಕಿ. ಆಮೇಲೆ ಫರ್ಮ್ ಹೆಸರಿನಲ್ಲಿ ಪ್ಯಾನ್ ಮಾಡಿಸಿ. ನಂತರ ಫರ್ಮ್‌ಗಳ ರಿಜಿಸ್ಟ್ರಾರ್‌ಗೆ ಅರ್ಜಿ. ಕರ್ನಾಟಕದಲ್ಲಿ ಜಿಲ್ಲಾ ನೋಂದಣಾಧಿಕಾರಿಯೇ ಈ ರಿಜಿಸ್ಟ್ರಾರ್, ಅರ್ಜಿಯನ್ನು ಕಾವೇರಿ ಪೋರ್ಟಲ್‌ನಲ್ಲಿ ಹಾಕಬಹುದು. ಫರ್ಮ್ ಹೆಸರು, ವ್ಯವಹಾರದ ಮುಖ್ಯ ಸ್ಥಳ, ಇತರ ಶಾಖೆಗಳು, ಪ್ರತಿ ಪಾಲುದಾರರ ಪೂರ್ತಿ ಹೆಸರು, ಕಾಯಂ ವಿಳಾಸ, ಸೇರಿದ ದಿನಾಂಕ, ಫರ್ಮ್‌ನ ಅವಧಿ, ಇಷ್ಟನ್ನು ಕೇಳುತ್ತಾರೆ. ಡೀಡ್, ಗುರುತಿನ ಚೀಟಿ, ಜಾಗದ ಬಾಡಿಗೆ ಕರಾರು ಜೊತೆಗಿರಲಿ. ಅಕ್ಷರ ತಪ್ಪದಂತೆ ಡೀಡ್, ಪ್ಯಾನ್, ಅರ್ಜಿ ಮೂರರಲ್ಲೂ ಹೆಸರು ಒಂದೇ ಇರಬೇಕು.

ಕಂಪನಿಗೂ ಇದಕ್ಕೂ ಇರುವ ದೊಡ್ಡ ಅಂತರ ಸಾಲ ಬಂದಾಗ ಗೊತ್ತಾಗುತ್ತದೆ. 2013ರ ಕಂಪನಿ ಕಾಯ್ದೆಯಡಿ ನೋಂದಣಿಯಾದ ಕಂಪನಿ ಕಾನೂನಿನ ಕಣ್ಣಲ್ಲಿ ಬೇರೆಯೇ ವ್ಯಕ್ತಿ. ಷೇರು ಮಿತಿಯ ಕಂಪನಿ ಮುಳುಗಿದರೆ ಷೇರುದಾರರು ಕಳೆದುಕೊಳ್ಳುವುದು ಸಾಮಾನ್ಯವಾಗಿ ಹಾಕಿದ ಹಣವನ್ನು ಮಾತ್ರ. ಫರ್ಮ್‌ನಲ್ಲಿ ಹಾಗಲ್ಲ. ನಮ್ಮ ಉದಾಹರಣೆಯ ಫರ್ಮ್ 20 ಲಕ್ಷ ಸಾಲ ತೀರಿಸಲಾಗದೇ ಹೋದರೆ, ಸಾಲ ಕೊಟ್ಟವರು 2 ಲಕ್ಷ ಹಾಕಿದವರೊಬ್ಬರಿಂದಲೇ ಪೂರ್ತಿ ವಸೂಲಿ ಮಾಡಬಹುದು, ಅವರ ಸ್ವಂತ ಮನೆಯೂ ಲೆಕ್ಕಕ್ಕೆ ಬರುತ್ತದೆ. ಸಮಪಾಲು ಎಂಬ ಡೀಡ್‌ನ ಮಾತು ಪಾಲುದಾರರ ನಡುವೆ ನಡೆಯುತ್ತದೆ, ಸಾಲ ಕೊಟ್ಟವರ ಮುಂದೆ ನಡೆಯದು. ಸಾಲ ತೀರಿಸಿದ ಪಾಲುದಾರರು ಆಮೇಲೆ ಇನ್ನೊಬ್ಬರಿಂದ ಅವರ ಪಾಲನ್ನು ಕೇಳಿ ಪಡೆಯಬೇಕಷ್ಟೆ.

ಪಾಲುದಾರರು ಬದಲಾದಾಗಲೆಲ್ಲ ರಿಜಿಸ್ಟ್ರಾರ್‌ಗೆ ತಿಳಿಸಿ. ಹೊಸಬರ ಹೆಸರು ರಿಜಿಸ್ಟರಿಗೆ ಏರದೆ ಇದ್ದರೆ, ಬಾಕಿ ವಸೂಲಿಯ ಕೇಸಿನಲ್ಲಿ ಎದುರಿನ ವಕೀಲರು ಮೊದಲು ಹಿಡಿಯುವುದು ಅದನ್ನೇ.